ತಮ್ಮನ ಫೋಟೋದಲ್ಲಿ ಶರ್ಟ್ ಮೇಲಿನ ಕಂಪನಿ ಹೆಸರು ಹೋಗಬೇಕು, ಶರ್ಟಿನ ಗೆರೆ ಉಳಿಯಬೇಕು

ಕೋಲಾರದ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಹೆಣ್ಣು ನೋಡುತ್ತಿದ್ದೇವೆ. ಅವನು ಸೆಟೆದುಕೊಳ್ಳದೆ, ಸಹಜವಾಗಿ ನಕ್ಕಿರುವ ಫೋಟೋ ಇರುವುದು ಒಂದೇ ಒಂದು. ಅಂತರಗಂಗೆ ಬೆಟ್ಟಕ್ಕೆ ಹೋದಾಗ ನಾನೇ ತೆಗೆದದ್ದು. ಆವತ್ತು ಅವನು ನರಸಾಪುರದಲ್ಲಿ ಶಿಫ್ಟ್ ಮುಗಿಸಿ ನೇರವಾಗಿ ಬಂದಿದ್ದ. ಹಾಗಾಗಿ ಮೈಮೇಲೆ ಕಂಪನಿ ಶರ್ಟೇ ಇದೆ.

ತಿಳಿ ನೀಲಿ ಶರ್ಟು. ಮೇಲಿಂದ ಕೆಳಕ್ಕೆ ಬಿಳಿ ಗೆರೆಗಳಿವೆ. ಎಡ ಜೇಬಿನ ಮೇಲ್ಗಡೆ ಕೆಂಪು ದಾರದಲ್ಲಿ ಕಂಪನಿ ಹೆಸರು. ಅದು ಹೋಗಬೇಕು.

ಯಾಕೆ ಅಂತ ಕೇಳುತ್ತೀರಿ, ಹೇಳಿಬಿಡುತ್ತೇನೆ. ಹಿಂದೊಂದು ಸಲ ಇಂಥದೇ ಫೋಟೋ ಕಳಿಸಿದ್ದೆವು. ಅದು ಯಾರಿಂದ ಯಾರಿಗೋ ಹೋಗಿ, ಮುಖವನ್ನೇ ನೋಡದವರು ಅವನ ಕಂಪನಿ ಗೇಟಿಗೆ ಫೋನ್ ಮಾಡಿ ಸಂಬಳ ಎಷ್ಟು, ಖಾಯಂ ಕೆಲಸವಾ ಅಂತ ವಿಚಾರಿಸಿದರು. ಸೂಪರ್‌ವೈಸರ್ ಎದುರು ಅವನಿಗೆ ತಲೆ ತಗ್ಗಿಸುವ ಹಾಗಾಯಿತು.

ಲ್ಯಾಪ್‌ಟಾಪಿನಲ್ಲಿ GIMP ಇದೆ. ನಿನ್ನೆ ರಾತ್ರಿ `Heal` ಟೂಲ್ ಹಿಡಿದು ಉಜ್ಜಿದೆ. ಅಕ್ಷರ ಹೋಯಿತು, ಆದರೆ ಅಲ್ಲೊಂದು ಗುಲಾಬಿ ಮಸಿ ಉಳಿಯಿತು. ಗೆರೆಗಳೆಲ್ಲ ನೀರಿನಲ್ಲಿ ಕಲಸಿದ ಹಾಗಾದವು. ಏನು ತಪ್ಪು ಮಾಡಿದೆ?

ಮಾಲೂರು ಟೈಲರ್

ಅಮ್ಮಾ, ಮೊದಲು ಶರ್ಟನ್ನು ಒಳಮೈ ಹೊರಗೆ ಮಾಡಿ. ಎಂಬ್ರಾಯ್ಡರಿ ದಾರವನ್ನು ಯಾವತ್ತೂ ಮೇಲಿಂದ ಕೀಳಬಾರದು. ಹಿಂದುಗಡೆ ಬಿಳಿ ದಾರ ಕಾಣುತ್ತದೆ, ಅದನ್ನು ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಸ್ವಲ್ಪ ಸ್ವಲ್ಪ ಕತ್ತರಿಸಿ. ಆಮೇಲೆ ಮುಂದುಗಡೆಯಿಂದ ಕೆಂಪು ದಾರ ತಾನಾಗಿ ಎದ್ದು ಬರುತ್ತದೆ. ಹಿಂದೆ ಅಂಟಿಸಿರುವ ಪೇಪರ್ ಹರಿದು ತೆಗೆಯಿರಿ. ಕೊನೆಗೆ ನೀರು ಚಿಮುಕಿಸಿ ಇಸ್ತ್ರಿ. ಸೂಜಿ ತೂತುಗಳು ಒಂದೆರಡು ಒಗೆತದಲ್ಲಿ ಸುಮಾರಾಗಿ ಮುಚ್ಚಿಕೊಳ್ಳುತ್ತವೆ. ಆದರೆ ದಾರದ ಕೆಳಗಿದ್ದ ಬಟ್ಟೆ ಬಿಸಿಲು ಕಂಡಿರುವುದಿಲ್ಲ. ಹಳೇ ಶರ್ಟಾದರೆ ಅಲ್ಲಿ ಹೆಸರು ಗಾಢ ನೀಲಿಯಲ್ಲಿ ಓದಲು ಬರುತ್ತದೆ. ಅದಕ್ಕೆ ಮದ್ದಿಲ್ಲ.

ಕೋಲಾರದ ಅಕ್ಕ

ಅಣ್ಣಾ, ಶರ್ಟಿನಿಂದ ಅಲ್ಲ, ಫೋಟೋದಿಂದ 😀 ಶರ್ಟು ಕಂಪನಿಯದು. ಅದನ್ನು ಬಿಚ್ಚಿದರೆ ತಮ್ಮನ ಕೆಲಸವೇ ಹೋಗುತ್ತದೆ.

ಮಾಲೂರು ಟೈಲರ್

ಓ! ನಾನು ತಲೆಬರಹ ಸರಿಯಾಗಿ ಓದಲಿಲ್ಲ. ಕ್ಷಮಿಸಿ. ಆದರೂ ಒಂದು ಮಾತು. ಎಂಬ್ರಾಯ್ಡರಿ ಹಾಕಿದ ಜಾಗದಲ್ಲಿ ಬಟ್ಟೆ ಸುರುಕು ಹಿಡಿದಿರುತ್ತದೆ. ಅಕ್ಷರದ ಸುತ್ತ ಒಂದು ಬೆರಳಗಲ ಗೆರೆಗಳು ಒಳಕ್ಕೆ ಜಗ್ಗಿಕೊಂಡಿರುತ್ತವೆ. ಫೋಟೋದಲ್ಲೂ ಅದು ಕಾಣಬೇಕಲ್ವಾ?

ಪಾವಗಡ ಪಿಕ್ಸೆಲ್

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಆ ಜಾಗ ಸೆಲೆಕ್ಟ್ ಮಾಡಿ ಬ್ಲರ್ ಹೊಡೆಯಿರಿ, ಇಲ್ಲಾಂದ್ರೆ ಚೌಕ ಚೌಕ ಮೊಸಾಯಿಕ್ ಹಾಕಿ. 2 ನಿಮಿಷದ ಕೆಲಸ. ಟಿವಿಯಲ್ಲೂ ಹಾಗೇ ಮಾಡುತ್ತಾರೆ. ಬ್ಲರ್ ಬೇಡ ಅಂದರೆ `Heal` ಸರಿಯಾದ ಟೂಲೇ, ಬ್ರಷ್ ದೊಡ್ಡದು ಮಾಡಿಕೊಂಡು ಒಂದೇ ಸಲ ಒತ್ತಬೇಕು ಅಷ್ಟೆ.

ಚಿಂತಾಮಣಿ ಸ್ಟುಡಿಯೋ

ಮದುವೆ ಆಲ್ಬಂ ಮಾಡಿಕೊಂಡೇ ಹೊಟ್ಟೆ ಹೊರೆಯುವವನು ನಾನು. ಇಂಥ ಶರ್ಟುಗಳ ಜೊತೆ ಬಹಳ ವರ್ಷ ಗುದ್ದಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಪಾವಗಡದವರೇ, ಬ್ಲರ್ ಬೇಡ. ವಧು ಕಡೆಯವರಿಗೆ ಕಳಿಸುವ ಫೋಟೋದಲ್ಲಿ ಎದೆ ಮೇಲೆ ಮಂಜು ಕಂಡರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಏನೋ ಮುಚ್ಚಿಟ್ಟಿದ್ದಾರೆ ಅಂತಲೂ ಅನ್ನಿಸುತ್ತದೆ. ಇನ್ನೊಂದು, ತೆಳು ಬ್ಲರ್ ಹಾಕಿದರೆ ಹೆಸರು ಪೂರ್ತಿ ಹೋಗುವುದಿಲ್ಲ. ನರಸಾಪುರದಲ್ಲಿರುವ ಕಂಪನಿಗಳ ಹೆಸರು ಯಾರಿಗೂ ಗುಟ್ಟಲ್ಲ. ಒಂದೊಂದನ್ನೇ ಬರೆದು, ಅದೇ ಥರ ಬ್ಲರ್ ಮಾಡಿ ಪಕ್ಕದಲ್ಲಿಟ್ಟರೆ ಯಾವುದು ಹೊಂದುತ್ತದೆ ಅಂತ ಗೊತ್ತಾಗಿಬಿಡುತ್ತದೆ. ಫೋಟೋದಲ್ಲೇ ಶರ್ಟಿನ ಬೇರೆ ಕಡೆಯ ಬಟ್ಟೆ ತಂದು ಮುಚ್ಚಿದರೆ ಹೆಸರಿನ ಪಿಕ್ಸೆಲ್‌ಗಳೇ ಇರುವುದಿಲ್ಲ.

ಇನ್ನು `Heal` ವಿಷಯ. ಅದು ಬೇರೆ ಕಡೆಯ ನೇಯ್ಗೆಯನ್ನು ತಂದು, ಬಣ್ಣವನ್ನು ಮಾತ್ರ ಇಲ್ಲಿನ ಸುತ್ತಮುತ್ತಲಿಗೆ ಹೊಂದಿಸುತ್ತದೆ. ಬ್ರಷ್ಷಿನ ಅಂಚು ಕೆಂಪು ಅಕ್ಷರವನ್ನು ಮುಟ್ಟಿದರೆ ಆ ಕೆಂಪನ್ನೂ ಸುತ್ತಮುತ್ತಲಿನ ಬಣ್ಣ ಅಂದುಕೊಂಡು ಒಳಗೆ ಕಲಸುತ್ತದೆ. ಅಕ್ಕನಿಗೆ ಬಂದ ಗುಲಾಬಿ ಮಸಿ ಅದೇ. ಹಾಗಾಗಿ ಮೊದಲು ಅಕ್ಷರ ಪೂರ್ತಿ ಹೋಗಬೇಕು. `Heal` ಬೇಕಿದ್ದರೆ ಕೊನೆಯಲ್ಲಿ, ಅಂಚುಗಳಿಗೆ ಮಾತ್ರ.

ಗೆರೆ ಶರ್ಟಿಗೆ ನಾನು ಬ್ರಷ್ ಹಿಡಿಯುವುದೇ ಇಲ್ಲ. ತೇಪೆ ಹಾಕುತ್ತೇನೆ. ಬಟ್ಟೆಗೆ ಹಾಕುವ ಹಾಗೇ. ಮೂಲ ಫೋಟೋದ ಅಳತೆ, ಹೆಸರಿನ ಅಳತೆ ಹೇಳಿ. ಆ ಜಾಗದಲ್ಲಿ ಮಡಿಕೆ ಇದೆಯಾ?

ಕೋಲಾರದ ಅಕ್ಕ

ಫೋಟೋ 3000 ಅಗಲ, 4000 ಎತ್ತರ. ಹೆಸರು ಸುಮಾರು 210 ಅಗಲ, 50 ಎತ್ತರ ಇದೆ. ಹೌದು, ಕೊನೆಯ ಎರಡು ಅಕ್ಷರಗಳ ಮೇಲೆ ಓರೆಯಾಗಿ ಒಂದು ಮಡಿಕೆ ಹಾದುಹೋಗಿದೆ. ಕೈ ಸೊಂಟದ ಮೇಲಿಟ್ಟುಕೊಂಡಿದ್ದಾನೆ, ಅದಕ್ಕೇ ಇರಬೇಕು. ಟೈಲರ್ ಅಣ್ಣ ಹೇಳಿದ್ದು ನಿಜ. ದೊಡ್ಡದು ಮಾಡಿ ನೋಡಿದೆ, ಅಕ್ಷರದ ಹತ್ತಿರ ಗೆರೆಗಳು ಸೊಂಟ ಹಿಡಿದ ಹಾಗೆ ಒಳಕ್ಕೆ ಬಾಗಿವೆ.

ಚಿಂತಾಮಣಿ ಸ್ಟುಡಿಯೋ

ಟೈಲರ್ ಅಣ್ಣನಿಗೆ ಒಂದು ಕಾಫಿ ನನ್ನ ಲೆಕ್ಕದಲ್ಲಿ. ಬಹಳ ಜನ ಎಡವುವುದು ಅಲ್ಲೇ. ಅಕ್ಷರ ಇದ್ದಷ್ಟೇ ಜಾಗ ಮುಚ್ಚುತ್ತಾರೆ. ಒಳಗಿನ ಗೆರೆ ನೇರ, ಹೊರಗಿನದು ಬಾಗಿದ್ದು. ಆಗ ಅಕ್ಷರ ಇಲ್ಲದಿದ್ದರೂ ಅಲ್ಲೇನೋ ಇತ್ತು ಅಂತ ಬಟ್ಟೆಯೇ ಹೇಳುತ್ತದೆ. ಅದಕ್ಕೆ 210ಕ್ಕೆ 50 ಅಲ್ಲ, 280ಕ್ಕೆ 110ರಷ್ಟು ಜಾಗ ಬದಲಾಗಬೇಕು. ಅಕ್ಷರದ ಸುತ್ತ JPEG ಮಾಡಿರುವ ಕೊಳಕು ಚುಕ್ಕೆಗಳು, ದಾರದ ಸಣ್ಣ ನೆರಳು, ಎಲ್ಲಾ ಅದರೊಳಗೆ ಹೋಗುತ್ತವೆ.

ತೇಪೆಯನ್ನು ಎಲ್ಲಿಂದ ತರಬೇಕು ಅನ್ನುವುದು ಮುಖ್ಯ. ಪಕ್ಕದಿಂದ ತಂದರೆ ಗೆರೆಗೆ ಗೆರೆ ಕೂಡಿಸುವುದು ಕಷ್ಟ. ಎದೆ ದುಂಡಗಿರುತ್ತದೆ. ತೋಳಿನ ಕಡೆ ಹೋದಂತೆ ಗೆರೆಗಳ ನಡುವಿನ ಜಾಗ ಕಿರಿದಾಗುತ್ತದೆ. ಆದರೆ ಗೆರೆ ಹೋಗುವ ದಾರಿಯಲ್ಲೇ ಮೇಲಕ್ಕೆ ಹೋದರೆ ಅದೇ ಗೆರೆಗಳು ಸಿಗುತ್ತವೆ, ಅದೇ ಅಂತರ. ನಿಮ್ಮ ಫೋಟೋದಲ್ಲಿ ಕೆಳಗೆ ಜೇಬಿದೆ, ಅದು ಬೇಡ. ಹೆಸರಿನ ಮೇಲಿಂದ, ಭುಜದ ಹೊಲಿಗೆಗೆ ಮುಂಚೆ, ಸುರುಕಿಲ್ಲದ ಜಾಗ ಹುಡುಕಿ.

ಅಲ್ಲಿ `Rectangle Select`ನಲ್ಲಿ 320ಕ್ಕೆ 140 ಆರಿಸಿ ಕಾಪಿ, ಪೇಸ್ಟ್. ತೇಲುವ ತುಂಡು ಬಂದರೆ ಅದನ್ನು ಹೊಸ ಲೇಯರ್ ಮಾಡಿಕೊಳ್ಳಿ. `Opacity` 50ಕ್ಕೆ ಇಳಿಸಿದರೆ ಕೆಳಗಿನ ಗೆರೆಯೂ ಮೇಲಿನ ಗೆರೆಯೂ ಒಟ್ಟಿಗೆ ಕಾಣುತ್ತವೆ. `Move` ಟೂಲ್ ಹಿಡಿದು ಹೆಸರಿನ ಮೇಲಕ್ಕೆ ತನ್ನಿ, ಆಮೇಲೆ ಬಾಣದ ಕೀಲಿಯಿಂದ ಒಂದೊಂದೇ ಪಿಕ್ಸೆಲ್ ಸರಿಸಿ. ಹೊಂದಿಸುವಾಗ ಹೆಸರಿನ ಹತ್ತಿರದ ಬಾಗಿದ ಗೆರೆ ನೋಡಬೇಡಿ, ತೇಪೆಯ ನಾಲ್ಕು ಅಂಚು ನೋಡಿ. ಅಲ್ಲಿ ಬಿಳಿ ಮೇಲೆ ಬಿಳಿ ಕೂತರೆ ಸಾಕು. ಆಮೇಲೆ `Opacity` 100.

ಗೆರೆಗಳೆಲ್ಲ ಒಂದೇ ದಪ್ಪ ತಾನೇ? ಒಂದು ದಪ್ಪ, ಎರಡು ಸಣ್ಣ ಅನ್ನುವ ಲೆಕ್ಕದ ಶರ್ಟಾದರೆ ದಪ್ಪ ಗೆರೆ ದಪ್ಪದ ಮೇಲೇ ಕೂರಬೇಕು.

ಕೂತ ಮೇಲೆ ತೇಪೆಗೆ ಬಿಳಿ `Layer Mask` ಹಾಕಿ, ಮೆತ್ತನೆ ಕಪ್ಪು ಬ್ರಷ್‌ನಿಂದ ಅದರ ಅಂಚು ಸವೆಸಿ. ಇಲ್ಲೊಂದು ಚೂರು ಎಚ್ಚರ. ಅಂಚು ತುಂಬ ಅಗಲವಾಗಿ ಮೆತ್ತಗಾದರೆ ಅಲ್ಲಿ ಎರಡು ಬಟ್ಟೆ ಅರ್ಧರ್ಧ ಕಲೆತು ನೇಯ್ಗೆ ಮಸುಕಾಗುತ್ತದೆ. 8-10 ಪಿಕ್ಸೆಲ್ ಸಾಕು.

ಮಡಿಕೆ ವಿಷಯ ಆಮೇಲೆ ಹೇಳುತ್ತೇನೆ, ಗಿರಾಕಿ ಬಂದರು.

ಗುಬ್ಬಿ ಮೇಷ್ಟ್ರು

ಸರ್, ನನ್ನದೂ ಇದೇ ಸಮಸ್ಯೆ. ನಮ್ಮ ಶಾಲೆ ಕಬಡ್ಡಿ ತಂಡದ ಗುಂಪು ಫೋಟೋ. 12 ಮಕ್ಕಳು, ಎಲ್ಲರ ಟೀ ಶರ್ಟ್ ಮೇಲೂ ಶಾಲೆ ಹೆಸರು, ಊರಿನ ಹೆಸರು ದಪ್ಪಗೆ ಪ್ರಿಂಟ್ ಆಗಿದೆ. ಹೊರಗಡೆ ಹಾಕಬೇಕು, ಆದರೆ ಶಾಲೆ ಗೊತ್ತಾಗಬಾರದು ಅಂತ ಕೆಲವು ಪೋಷಕರು ಹೇಳಿದ್ದಾರೆ. ನಾನು ಆಫೀಸಿನ ಹಳೇ ಕಂಪ್ಯೂಟರಿನಲ್ಲಿದ್ದ ಯಾವುದೋ ಸಾಫ್ಟ್‌ವೇರ್‌ನಲ್ಲಿ ಎಲ್ಲರ ಹೆಸರಿನ ಮೇಲೂ ಟೀ ಶರ್ಟ್ ಬಣ್ಣ ಬಳಿದೆ. ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಾಗೆ ಕಾಣುತ್ತದೆ.

ಚಿಂತಾಮಣಿ ಸ್ಟುಡಿಯೋ

ಮೇಷ್ಟ್ರೇ, 12 ಜನಕ್ಕೆ ತೇಪೆ ಹಾಕುತ್ತಾ ಕೂತರೆ ಎರಡು ದಿನ ಬೇಕು. ಎದೆ ತುಂಬ ಪ್ರಿಂಟ್ ಇದ್ದರೆ ತೇಪೆಗೆ ಬಟ್ಟೆಯೇ ಉಳಿದಿರುವುದಿಲ್ಲ. ಬೆನ್ನು ಕಾಣುವ ಆಟದ ಫೋಟೋ ಇದ್ದರೆ ಅದನ್ನು ಹಾಕಿ. ಇಲ್ಲವೇ ಭುಜದವರೆಗೆ ಕತ್ತರಿಸಿ. ಕೈಯಲ್ಲಿ ಮಾಡಲೇಬೇಕಾದ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ.

ಪ್ಲಾಸ್ಟಿಕ್ ಥರ ಕಾಣುವುದಕ್ಕೆ ಕಾರಣ ಸರಳ. ಬಣ್ಣ ಸರಿ ಇದೆ, ಆದರೆ ನೇಯ್ಗೆ ಇಲ್ಲ, ಕ್ಯಾಮೆರಾದ ಕಾಳು ಕಾಳು ಕೂಡ ಇಲ್ಲ. ನಿಜವಾದ ಬಟ್ಟೆಯಲ್ಲಿ ಪಕ್ಕ ಪಕ್ಕದ ಎರಡು ಪಿಕ್ಸೆಲ್ ಒಂದೇ ಬಣ್ಣ ಇರುವುದು ಅಪರೂಪ.

ಶಿಡ್ಲಘಟ್ಟದವನು

ನನಗೊಂದು ಅರ್ಥ ಆಗುತ್ತಿಲ್ಲ. ಮುಖವೇ ಇದೆಯಲ್ಲ? ಮಕ್ಕಳ ಮುಖ, ಹುಡುಗನ ಮುಖ. ಹೆಸರು ತೆಗೆದು ಏನು ಬಂತು? ಜೊತೆಗೆ ಮದುವೆ ಫೋಟೋದಲ್ಲಿ ತಿದ್ದುವುದು ಸರಿಯಾ? ಇವತ್ತು ಶರ್ಟು, ನಾಳೆ ತಲೆಕೂದಲು.

ಕೋಲಾರದ ಅಕ್ಕ

ಅಣ್ಣಾ, ಮುಖ ನೋಡಲಿ ಅಂತಲೇ ಕಳಿಸುವುದು. ಮುಖ ನೋಡಿದವರಿಗೆ ಅವನು ದಿನಾ ಎಲ್ಲಿ, ಯಾವ ಗೇಟಿನಿಂದ ಬರುತ್ತಾನೆ ಅಂತ ಮೊದಲ ದಿನವೇ ಗೊತ್ತಾಗಬೇಕಿಲ್ಲ. ಜಾತಕ ಕೂಡಿ, ಮಾತುಕತೆ ಮುಂದುವರಿದರೆ ಕಂಪನಿ ಹೆಸರು, ಪೇ ಸ್ಲಿಪ್ ಎಲ್ಲಾ ನಾವೇ ತೋರಿಸುತ್ತೇವೆ. ತಲೆಕೂದಲಿಗೆ ಕೈ ಹಾಕುವುದಿಲ್ಲ, ಇರುವುದೇ ಕಡಿಮೆ.

ಶಿಡ್ಲಘಟ್ಟದವನು

ಕೂದಲಿನ ಮಾತು ಒಪ್ಪಿದೆ. ಉಳಿದದ್ದು ಇನ್ನೂ ಒಪ್ಪಿಲ್ಲ.

ಕೋಲಾರದ ಅಕ್ಕ

ಸ್ಟುಡಿಯೋ ಅಣ್ಣಾ, ಮೊದಲ ತೇಪೆ ಹಾಕಿದೆ. ಗೆರೆ ಕೂಡಿದೆ! ಆದರೆ ಮೂರು ತೊಂದರೆ. ಒಂದು, ತೇಪೆ ಸ್ವಲ್ಪ ಬೆಳ್ಳಗಿದೆ. ಎರಡು, ಮಡಿಕೆ ತೇಪೆಯ ಹತ್ತಿರ ಬಂದು ತಟ್ಟನೆ ನಿಂತುಹೋಗುತ್ತದೆ, ಆಚೆ ಮತ್ತೆ ಶುರುವಾಗುತ್ತದೆ. ಮೂರು, ಚಿಕ್ಕದು ಮಾಡಿ ನೋಡಿದರೆ ಶರ್ಟ್ ಪೂರ್ತಿ ನೀರಿನ ಅಲೆ ಥರ ಕಾಣುತ್ತದೆ. ಅದು ನನ್ನಿಂದ ಆಯಿತಾ?

ಚಿಂತಾಮಣಿ ಸ್ಟುಡಿಯೋ

ಮೂರನೆಯದು ನಿಮ್ಮದಲ್ಲ. ಸಣ್ಣ ಗೆರೆಗಳು ಪರದೆಯ ಚುಕ್ಕೆಗಳ ಜೊತೆ ಜಗಳ ಆಡಿದಾಗ ಆ ಅಲೆ ಬರುತ್ತದೆ. ಜೂಮ್ 33%ಗೋ 40%ಗೋ ಇಟ್ಟು ನೋಡುತ್ತಿರಬೇಕು. 100ಕ್ಕೆ ಇಟ್ಟು ನೋಡಿ, ಅಲೆ ಇರುವುದಿಲ್ಲ. ತೇಪೆ ಸರಿಯಾಗಿದೆಯಾ ಅಂತ 100ರಲ್ಲೇ ತೀರ್ಮಾನ ಮಾಡಿ.

ಬೆಳ್ಳಗಿರುವುದು ಸಹಜ. ಮೇಲಿನ ಎದೆಗೆ ಬೆಳಕು ಜಾಸ್ತಿ ಬಿದ್ದಿರುತ್ತದೆ. ತೇಪೆಯ ಲೇಯರ್ ಆರಿಸಿ `Colors > Curves` ತೆಗೆದು ಅಲ್ಲಿ ಕಾಣುವ ಓರೆ ಗೆರೆಯ ನಡುವನ್ನು ಕೂದಲೆಳೆಯಷ್ಟು ಕೆಳಕ್ಕೆ ಎಳೆಯಿರಿ. ಮಾಸ್ಕ್ ಅಲ್ಲ, ಲೇಯರಿನ ಚಿತ್ರವೇ ಆರಿಸಿರಬೇಕು. ಇಲ್ಲಾಂದ್ರೆ ಏನೂ ಬದಲಾಗದೆ ಸುಮ್ನೆ ತಲೆ ಕೆರೆದುಕೊಳ್ಳುತ್ತೀರಿ.

ಈಗ ಮಡಿಕೆ. ಮಡಿಕೆ ಅಂದರೆ ನೆರಳು ಮಾತ್ರ ಅಲ್ಲ. ಮಡಿಕೆ ದಾಟಿದ ಮೇಲೆ ಗೆರೆ ಸ್ವಲ್ಪ ಜರುಗಿರುತ್ತದೆ, ಕೋನವೂ ಬೇರೆ ಇರುತ್ತದೆ. ಒಂದೇ ತೇಪೆಯನ್ನು ಅದರ ಮೇಲೆ ಹಾಸಿ, ಮೇಲೆ ಕಪ್ಪು ಬಳಿದರೆ ಮಡಿಕೆ ಚಿತ್ರ ಬರೆದ ಹಾಗೆ ಕಾಣುತ್ತದೆ. ಅದಕ್ಕೆ ಎರಡು ತೇಪೆ ಬೇಕು. ಮಡಿಕೆಯ ಈ ಕಡೆಗೆ ನೀವು ಹಾಕಿರುವುದು. ಆ ಕಡೆಗೆ, ಅಂದರೆ ಕೊನೆಯ ಎರಡು ಅಕ್ಷರದ ಮೇಲೆ, ಮಡಿಕೆಯ ಆಚೆಯಿಂದಲೇ ತಂದ ಚಿಕ್ಕ ತುಂಡು. ಎರಡೂ ಸೇರುವ ಜಾಗವನ್ನು ಮಡಿಕೆಯ ಕಪ್ಪು ಗೆರೆಯಲ್ಲೇ ಇಡಿ. ಅಲ್ಲಿ ಬಟ್ಟೆ ತುಂಡಾದ ಹಾಗೆ ಕಾಣುವುದನ್ನು ಕಣ್ಣು ಮೊದಲೇ ಒಪ್ಪಿಕೊಂಡಿರುತ್ತದೆ. ಟೈಲರ್ ಹೊಲಿಗೆಯನ್ನು ಕಂಕುಳಲ್ಲಿ ಬಚ್ಚಿಡುವ ಹಾಗೆ. ಜೇಬಿನ ಅಂಚು, ಗುಂಡಿ ಪಟ್ಟಿ ಹತ್ತಿರ ಇದ್ದರೆ ಅವೂ ಒಳ್ಳೇ ಜಾಗ.

ಎರಡನೇ ತುಂಡಿನ ಕೋನ ಹೊಂದದಿದ್ದರೆ `Rotate` ಒಂದೇ ಸಲ, ಒಂದೆರಡು ಡಿಗ್ರಿ. ತಿರುಗಿಸಿ ತಿರುಗಿಸಿ ನೋಡಬೇಡಿ. ಪ್ರತಿ ಸಲ ತಿರುಗಿಸಿದಾಗಲೂ ಪಿಕ್ಸೆಲ್‌ಗಳನ್ನು ಹೊಸದಾಗಿ ಲೆಕ್ಕ ಹಾಕಿ ಕೂರಿಸುತ್ತದೆ, ನೇಯ್ಗೆ ಮೆತ್ತಗಾಗುತ್ತಾ ಹೋಗುತ್ತದೆ. ಇಷ್ಟ ಆಗದಿದ್ದರೆ `Ctrl+Z` ಒತ್ತಿ, ಮೊದಲಿನಿಂದ ತಿರುಗಿಸಿ.

ಕೊನೆಗೆ ನೆರಳು. ಮೇಲೊಂದು ಖಾಲಿ ಲೇಯರ್, `Multiply` ಮೋಡ್. ಬಣ್ಣವನ್ನು ಕಪ್ಪಿನಿಂದ ತಗೊಳ್ಳಬೇಡಿ. ಉಳಿದಿರುವ ಮಡಿಕೆಯ ನೆರಳಿನಿಂದಲೇ `Color Picker`ನಲ್ಲಿ ಆ ಮಬ್ಬು ನೀಲಿ ತಗೊಳ್ಳಿ. ಮೆತ್ತನೆ ಬ್ರಷ್, `Opacity` 10. ಮೇಲಿನ ಮಡಿಕೆಯಿಂದ ಕೆಳಗಿನ ಮಡಿಕೆವರೆಗೆ ನಾಲ್ಕೈದು ಸಲ ಸವರಿ.

ಪಾವಗಡ ಪಿಕ್ಸೆಲ್

ಫೋನಿನಲ್ಲಿ ಅಳಿಸುವ ಟೂಲ್ ಇದೆಯಲ್ಲ, ಬೆರಳಲ್ಲಿ ಸುತ್ತು ಹಾಕಿದರೆ ಹೋಗುತ್ತದೆ. ನನ್ನ ಕಪ್ಪು ಟೀ ಶರ್ಟ್ ಮೇಲೆ ಚೆನ್ನಾಗಿ ಬಂತು.

ಚಿಂತಾಮಣಿ ಸ್ಟುಡಿಯೋ

ಕಪ್ಪು ಟೀ ಶರ್ಟಿಗೆ ಬರುತ್ತದೆ, ನಿಮ್ಮ ಮಾತು ಸರಿ. ಗೆರೆ, ಚೌಕಳಿ ಶರ್ಟಿನಲ್ಲಿ ನಾನು ನೋಡಿದ ಮಟ್ಟಿಗೆ ನಡುವೆ ಎಲ್ಲೋ ಒಂದು ಗೆರೆ ನುಂಗುತ್ತದೆ, ಇಲ್ಲವೇ ಎರಡನ್ನು ಕೂಡಿಸಿಬಿಡುತ್ತದೆ. ಮೇಲೆ 15 ಗೆರೆ ಇದ್ದರೆ ಕೆಳಗೂ 15 ಇದೆಯಾ ಅಂತ ಎಣಿಸಿ ನೋಡಿ.

ಕೋಲಾರದ ಅಕ್ಕ

ಎಣಿಸಿದೆ! ಹೆಸರಿದ್ದ ಜಾಗದ ಮೇಲೆ 20, ಕೆಳಗೆ ಜೇಬಿನ ಹತ್ತಿರ 20, ತೇಪೆಯಲ್ಲೂ 20. ಎರಡು ತೇಪೆ, ನೆರಳು ಎಲ್ಲಾ ಆಯಿತು. ಎರಡನೇ ತುಂಡನ್ನು ಮೂರು ಸಲ ತಿರುಗಿಸಿ ಕೆಡಿಸಿದ್ದೆ, ನೀವು ಹೇಳಿದ ಹಾಗೆ ಅದು ಮಾತ್ರ ಮೇಣದ ಥರ ನಯವಾಗಿ ಕಾಣುತ್ತಿತ್ತು. ಮತ್ತೆ ಮಾಡಿದೆ. ಈಗಲೂ ಒಂಚೂರು ನಯ ಅನ್ನಿಸುತ್ತದೆ.

ಚಿಂತಾಮಣಿ ಸ್ಟುಡಿಯೋ

ಆ ತುಂಡಿಗೆ ಮಾತ್ರ `Filters > Noise > RGB Noise`, ಕಾಣಿಸಿಯೂ ಕಾಣಿಸದಷ್ಟು. ಆಮೇಲೆ ಫೋಟೋ ಪೂರ್ತಿ ಎಡ ಬಲ ತಿರುಗಿಸಿ ನೋಡಿ. ಗಂಟೆಗಟ್ಟಲೆ ನೋಡಿದ ಕಣ್ಣಿಗೆ ತಪ್ಪು ಕಾಣುವುದಿಲ್ಲ, ತಿರುಗಿಸಿದರೆ ಬೇರೆಯವರ ಫೋಟೋ ನೋಡಿದ ಹಾಗಾಗುತ್ತದೆ. ಜೊತೆಗೆ `New from Visible` ಕೊಟ್ಟು ಎಲ್ಲಾ ಸೇರಿದ ಒಂದು ಲೇಯರನ್ನು ಮೇಲೆ ಮಾಡಿಕೊಂಡು, ಒಂದು ನಿಮಿಷಕ್ಕೆ ಅದರ ಕಾಂಟ್ರಾಸ್ಟನ್ನು `Curves`ನಲ್ಲಿ ಜೋರಾಗಿ ಏರಿಸಿ. ತೇಪೆಯ ಅಂಚಿದ್ದರೆ ಎದ್ದು ಕಾಣುತ್ತದೆ. ಮೇಲಿನ ಎದೆಯಲ್ಲಿ ದಾರದ ಗಂಟೋ ಧೂಳೋ ಇದ್ದು ಅದೇ ಮತ್ತೆ ತೇಪೆಯಲ್ಲೂ ಕಂಡರೆ, ಒಂದನ್ನು ಅಳಿಸಿ. ಅವಳಿ ಗಂಟು ಹಿಡಿದುಕೊಡುತ್ತದೆ. ನೋಡಿ ಆದ ಮೇಲೆ ಎರಡನ್ನೂ ವಾಪಸ್ ಮಾಡಲು ಮರೆಯಬೇಡಿ. ನಾನು ಒಮ್ಮೆ ಮದುಮಗನನ್ನು ತಿರುಗಿಸಿದ ಹಾಗೇ ಪ್ರಿಂಟ್‌ಗೆ ಕಳಿಸಿದ್ದೆ. ಅಂಗಿಯ ಗುಂಡಿ ಹೆಂಗಸರ ಕಡೆಗೆ ಬಂದಿತ್ತು.

ಗುಬ್ಬಿ ಮೇಷ್ಟ್ರು

ಒಂದು ಎಡವಟ್ಟು ಆಗಿದೆ, ಎಲ್ಲರಿಗೂ ಗೊತ್ತಿರಲಿ ಅಂತ ಬರೆಯುತ್ತೇನೆ. ಬಣ್ಣ ಬಳಿದ ಗುಂಪು ಫೋಟೋವನ್ನು ಒಬ್ಬ ಹಳೇ ವಿದ್ಯಾರ್ಥಿಗೆ ಕಳಿಸಿದ್ದೆ. ಅವನು ಅದರೊಳಗೆ ಅಡಗಿದ್ದ ಪುಟ್ಟ ಫೋಟೋ ತೆಗೆದು ನನಗೇ ವಾಪಸ್ ಕಳಿಸಿದ. ಅದರಲ್ಲಿ ಶಾಲೆ ಹೆಸರು ಹಾಗೇ ಇದೆ! ಈ ಕಮಾಂಡ್ ಹಾಕಿದನಂತೆ:

```
exiftool -b -ThumbnailImage photo.jpg > thumb.jpg
```

ಚಿಂತಾಮಣಿ ಸ್ಟುಡಿಯೋ

ಕ್ಯಾಮೆರಾ JPEG ಫೈಲಿನೊಳಗೆ ತನ್ನದೇ ಒಂದು ಅಂಗೈ ಗಾತ್ರದ ನಕಲು ಇಟ್ಟಿರುತ್ತದೆ. ಕೆಲವು ಹಳೇ ಸಾಫ್ಟ್‌ವೇರ್ ದೊಡ್ಡ ಚಿತ್ರವನ್ನು ಮಾತ್ರ ಬದಲಿಸಿ ಆ ನಕಲನ್ನು ಹಾಗೇ ಬಿಡುತ್ತವೆ. ಲೊಕೇಶನ್ ಆನ್ ಇದ್ದರೆ ತೆಗೆದ ಜಾಗವೂ ಅಲ್ಲೇ ಬರೆದಿರುತ್ತದೆ. ಅಕ್ಕ GIMPನಲ್ಲಿ `Export As` ಮಾಡುವಾಗ `Exif`, `XMP`, `thumbnail` ಟಿಕ್ ತೆಗೆಯಲಿ. ಮೇಷ್ಟ್ರು ಹೀಗೆ ಮಾಡಲಿ:

```
exiftool -all= -overwrite_original photo.jpg
```

ಆ `-overwrite_original` ಬಿಟ್ಟರೆ ಹಳೇ ಫೈಲು `photo.jpg_original` ಅಂತ ಪಕ್ಕದಲ್ಲೇ ಉಳಿಯುತ್ತದೆ. ಫೋಲ್ಡರ್ ಪೂರ್ತಿ ಕಳಿಸಿದರೆ ಅದೂ ಹೋಗುತ್ತದೆ. ಇನ್ನೊಂದು, ಫೋಟೋ ಯಾವ ಕಡೆ ನಿಲ್ಲಬೇಕು ಅನ್ನುವ ಗುರುತೂ ಇದರಲ್ಲಿ ಅಳಿಸಿಹೋಗುತ್ತದೆ. ಕೆಲವೊಮ್ಮೆ ಮಕ್ಕಳು ಅಡ್ಡ ಮಲಗಿಬಿಡುತ್ತಾರೆ, ಆಗ ತಿರುಗಿಸಿ ಸೇವ್ ಮಾಡಿ. ಮೂಲ ಫೋಟೋದ ಕಾಪಿ ಬೇರೆ ಕಡೆ ಇಟ್ಟುಕೊಂಡೇ ಇದೆಲ್ಲ ಮಾಡಿ. ಲೇಯರ್ ಇರುವ `.xcf` ಫೈಲನ್ನಂತೂ ಯಾರಿಗೂ ಕೊಡಬೇಡಿ. ತೇಪೆ ಎತ್ತಿದರೆ ಕೆಳಗೆ ಹೆಸರು ಇದ್ದೇ ಇರುತ್ತದೆ.

ಶಿಡ್ಲಘಟ್ಟದವನು

ಮೊದಲ ಫೋಟೋ ಆಗಲೇ ಯಾರಿಂದ ಯಾರಿಗೋ ಹೋಗಿದೆ ಅಂದರಲ್ಲ. ಅದಕ್ಕೇನು ತೇಪೆ?

ಕೋಲಾರದ ಅಕ್ಕ

ಅದು ಬೇರೆ ಫೋಟೋ, ಬೇರೆ ದಿನದ್ದು. ಅದು ಹೋಯಿತು, ಏನೂ ಮಾಡುವ ಹಾಗಿಲ್ಲ. ಈ ಬೆಟ್ಟದ ಫೋಟೋ ಇನ್ನೂ ಯಾರಿಗೂ ಕೊಟ್ಟಿಲ್ಲ.

ಮುಗಿಸಿದ್ದನ್ನು ಶರ್ಟಿನ ಭಾಗ ಮಾತ್ರ ಕತ್ತರಿಸಿ ಇಲ್ಲಿ ಹಾಕಿದ್ದೇನೆ. ತಮ್ಮನಿಗೆ ತೋರಿಸಿದೆ. ಐದು ನಿಮಿಷ ನೋಡಿ, "ಇದು ಯಾವ ಶರ್ಟು, ನನ್ನ ಹತ್ತಿರ ಇಂಥದ್ದು ಇಲ್ವಲ್ಲ" ಅಂದ.

ಮಾಲೂರು ಟೈಲರ್

ಬಟ್ಟೆ ಚೆನ್ನಾಗಿ ಬಂದಿದೆ ಅಮ್ಮಾ. ಸುರುಕು ಎಲ್ಲೂ ಇಲ್ಲ. ಆದರೆ ಎಡ ತೋಳಿನ ಅಂಚು ನೋಡಿದಿರಾ? ಮಡಚಿದ ಪಟ್ಟಿ ಮೇಲೆ ಕೆಂಪು ದಾರದಲ್ಲಿ ಏನೋ ಚಿಕ್ಕ ಗುರುತು, ಅರ್ಧ ಕಾಣುತ್ತಿದೆ.

ಕೋಲಾರದ ಅಕ್ಕ

ಅಯ್ಯೋ ಶಿವನೇ. ಅದು ಕಂಪನಿ ಮುದ್ರೆ. ಎರಡು ದಿನದಿಂದ ಇದೇ ಫೋಟೋ ನೋಡುತ್ತಿದ್ದೇನೆ, ಕಣ್ಣಿಗೇ ಬಿದ್ದಿಲ್ಲ. ತೋಳಿನ ಪಟ್ಟಿಯಲ್ಲಿ ಗೆರೆ ಅಡ್ಡ ಇದೆ, ಹಾಗಾದರೆ ತೇಪೆ ಪಕ್ಕದಿಂದ ತರಬೇಕು ಅಲ್ವಾ ಅಣ್ಣಾ?

ಚಿಂತಾಮಣಿ ಸ್ಟುಡಿಯೋ

ಹೌದು, ಗೆರೆ ಹೋಗುವ ದಾರಿಯಲ್ಲೇ. ಆದರೆ ಅದು ಅಂಚಿನಲ್ಲಿದೆ. ತೋಳಿನಿಂದ ಕೆಳಕ್ಕೆ ಕತ್ತರಿಸಿದರೆ ಫೋಟೋ ಕೆಡುತ್ತದಾ ಅಂತ ಮೊದಲು ನೋಡಿ.